ಮಳೆ ಬಂದ ಹೊತ್ತು, ನೆಟ್ ಹೋದ ಹೊತ್ತು

ಮೃಗಶಿರಾ ಮಳೆ ಹಿಡಿದುಕೊಂಡಿತೆಂದರೆ ಮಲೆನಾಡಿನ ಮನೆಗಳಲ್ಲಿ ಕರೆಂಟಿನ ಜೊತೆಗೆ ಈಗ ಇನ್ನೊಂದರ ಬಗ್ಗೆಯೂ ವಿಚಾರಣೆ ಶುರುವಾಗುತ್ತದೆ: ‘ನಿಮ್ಮಲ್ಲಿ ನೆಟ್ ಉಂಟಾ?’ ಒಂದು ಮನೆಯಲ್ಲಿ ಗಾಳಿ ಬೀಸಿದಾಗಲೆಲ್ಲ ವಿಡಿಯೋ ನಿಂತು ನಿಂತು ಓಡುತ್ತದೆ. ಪಕ್ಕದ ಮನೆಯಲ್ಲಿ ಮಳೆ ನಿಂತು ಎರಡು ದಿನವಾದರೂ ವೇಗ ಬರುವುದಿಲ್ಲ. ಮೂರನೆಯ ಮನೆಯಲ್ಲಿ ಮಳೆಗಾಲವಿಡೀ ಸುಸೂತ್ರವಾಗಿದ್ದ ಸಂಪರ್ಕ ದೀಪಾವಳಿಯ ಬಿಸಿಲಿನಲ್ಲಿ ಕಡಿದುಹೋಗುತ್ತದೆ. ಮೂವರೂ ಹೇಳುವ ಮಾತು ಒಂದೇ: ‘ಮಳೆಗೆ ನೆಟ್ ಹೋಯ್ತು.’ ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಅವನ್ನು ಬೇರ್ಪಡಿಸಿ ಹೇಳುವ ಸುಲಭದ ಸುಳಿವು ಗಡಿಯಾರದಲ್ಲಿದೆ. ಮಳೆ ಬಂದ ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು, ಮಳೆ ನಿಂತ ಎಷ್ಟು ಹೊತ್ತಿಗೆ ಹೋಯಿತು ಎಂಬುದನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಇಂಥ ದೋಷಗಳು ಹೆಚ್ಚಾಗಿ ಕಾಣುವುದು ಮನೆಗೆ ತೀರ ಹತ್ತಿರದಲ್ಲಿ. ಪೇಟೆಯಿಂದ ಊರಿಗೆ ಬರುವ ಮುಖ್ಯ ಕೇಬಲ್ ದಪ್ಪ ಕವಚದ್ದು, ಅದರ ಜೋಡಣೆಗಳು ಗಟ್ಟಿಯಾಗಿ ಮುಚ್ಚಿದ ಡಬ್ಬಿಗಳಲ್ಲಿರುತ್ತವೆ. ರಸ್ತೆ ಬದಿಯ ಕಂಬದಲ್ಲಿ ಒಂದು ಪೆಟ್ಟಿಗೆ, ಅಲ್ಲಿಂದ ಮನೆಗೆ ಬರುವ ತೆಳು ತಂತಿ: ಕೊನೆಯ ಈ ನೂರಿನ್ನೂರು ಮೀಟರ್ ಮಾತ್ರ ಬೇರೆಯದೇ ಲೋಕ. ಈ ತಂತಿಗೆ ಡ್ರಾಪ್ ವೈರ್ ಎನ್ನುತ್ತಾರೆ. ಅದು ಕರೆಂಟ್ ಕಂಬ, ತೆಂಗಿನ ಮರ, ಅಡಿಕೆ ಮರ, ಹಂಚಿನ ಮಾಡಿನ ಪಕಾಸಿ, ಹೀಗೆ ಸಿಕ್ಕಿದ್ದಕ್ಕೆ ಕಟ್ಟಿಸಿಕೊಂಡು ಬರುತ್ತದೆ. ಸೋಗೆ ಬೀಳುವುದು, ಮಂಗ ಜೋತಾಡುವುದು, ಇಲಿ ಕಡಿಯುವುದು ಎಲ್ಲವೂ ಇದರ ಮೇಲೆಯೇ. ಮಳೆ ಇಲ್ಲಿ ಹೊಸದಾಗಿ ತಪ್ಪು ಮಾಡುವುದು ಕಡಿಮೆ. ಬೇಸಿಗೆಯಲ್ಲಿ ಮಾಡಿಟ್ಟ ತಪ್ಪನ್ನು ಅದು ಎತ್ತಿ ತೋರಿಸುತ್ತದೆ.

ತಾಮ್ರದ ಜೋಡಿತಂತಿ

ಹಳೆಯ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಕಡಿಮೆಯಾಗುತ್ತ ಬಂದಿದ್ದರೂ ನೀರು ಮಾಡುವ ಕೆಲಸವನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಒಂದಕ್ಕೊಂದು ಹೊಸೆದ ಎರಡು ತಾಮ್ರದ ಎಳೆಗಳಲ್ಲಿ ಸಂಕೇತ ಹರಿಯುತ್ತದೆ. ಹೊರಗಿನ ಗದ್ದಲ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುವುದರಿಂದ ಅದನ್ನು ಕಳೆದುಹಾಕಲು ಸಾಧ್ಯ. ಈ ಸಮತೋಲನವೇ ಜೋಡಿತಂತಿಯ ಜೀವ. ಕಂಬದ ಡಿಪಿ ಪೆಟ್ಟಿಗೆಯೊಳಗೆ ನೀರು ಹೊಕ್ಕು ಒಂದು ಎಳೆಯ ಜೋಡಣೆಯಷ್ಟೇ ನೆನೆದರೆ ಸಮತೋಲನ ಕೆಡುತ್ತದೆ. ಆಗ ಹತ್ತಿರದ ವಿದ್ಯುತ್ ತಂತಿ, ರೇಡಿಯೋ, ಪಕ್ಕದ ಗ್ರಾಹಕರ ಸಂಕೇತ ಎಲ್ಲವೂ ಗದ್ದಲವಾಗಿ ಒಳನುಗ್ಗುತ್ತವೆ. ಎಡಿಎಸ್‌ಎಲ್2+ ತಂತ್ರ 2.2 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳಲ್ಲಿ ಒಟ್ಟು 24 ಎಂಬಿಪಿಎಸ್‌ವರೆಗೆ ಸಾಗಿಸಬಲ್ಲದು. ಗದ್ದಲ ಹೆಚ್ಚಿದಾಗ ಮೋಡೆಮ್ ಮೊದಲು ಮೇಲಿನ ಆವರ್ತನಗಳನ್ನು ಕೈಬಿಡುತ್ತದೆ, ಸಂಪರ್ಕವನ್ನು ಮತ್ತೆ ಕಟ್ಟಿಕೊಂಡು ಕಡಿಮೆ ವೇಗಕ್ಕೆ ಇಳಿಯುತ್ತದೆ. ಹಾಗಾಗಿ ತಾಮ್ರದಲ್ಲಿ ಮಳೆಯ ದೋಷ ಹೆಚ್ಚಾಗಿ ನಿಧಾನಗತಿಯಾಗಿ ಕಾಣಿಸಿಕೊಳ್ಳುತ್ತದೆ, ಪೂರ್ತಿ ಕಡಿತವಾಗಿ ಕಾಣುವುದು ಕಡಿಮೆ.

ಇಲ್ಲಿ ಒಂದು ವಿಚಿತ್ರವೂ ಉಂಟು. ಒಂದು ಎಳೆ ತುಕ್ಕು ಹಿಡಿದು ಕಡಿದೇ ಹೋಗಿದ್ದರೂ ಫೋನ್ ಮಾತ್ರ ಸತ್ತು, ಬ್ರಾಡ್‌ಬ್ಯಾಂಡ್ ಕುಂಟುತ್ತ ಓಡುವುದುಂಟು. ಮೇಲಿನ ಆವರ್ತನಗಳು ಆ ಸಣ್ಣ ಕಂಡಿಯನ್ನು ಹಾರಿ ದಾಟಬಲ್ಲವು. ಅದೇ ರೀತಿ, ಫೋನ್ ರಿಂಗಾದ ಮೇಲೆ ನೆಟ್ ಸ್ವಲ್ಪ ಹೊತ್ತು ಸರಿಯಾಗುತ್ತದೆ ಎಂದು ಎಷ್ಟೋ ಜನ ಹೇಳುವುದು ಮೂಢನಂಬಿಕೆಯಲ್ಲ. ರಿಂಗಿನ ಹೆಚ್ಚಿನ ವೋಲ್ಟೇಜು ಜೋಡಣೆಯ ಮೇಲಿನ ತುಕ್ಕಿನ ಪೊರೆಯನ್ನು ತಾತ್ಕಾಲಿಕವಾಗಿ ಭೇದಿಸಿರುತ್ತದೆ. ಫೋನೆತ್ತಿ ಒಂದು ಅಂಕಿ ಒತ್ತಿ ಕಿವಿಗೊಟ್ಟರೆ ಒಳ್ಳೆಯ ಲೈನು ನಿಶ್ಶಬ್ದವಾಗಿರುತ್ತದೆ, ನೆನೆದದ್ದು ಗರಗರ ಎನ್ನುತ್ತದೆ.

ಹೊತ್ತಿನ ಲೆಕ್ಕ ಇಲ್ಲಿ ಸ್ಪಷ್ಟ. ಪೆಟ್ಟಿಗೆಯೊಳಕ್ಕೆ ನೀರು ಇಳಿಯಲು ಸಮಯ ಬೇಕು, ಆರಲು ಇನ್ನೂ ಹೆಚ್ಚು ಬೇಕು. ಮಳೆ ಶುರುವಾದ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದು ವೇಗ ಇಳಿದು, ಬಿಸಿಲು ಬಿದ್ದು ಒಂದೆರಡು ದಿನಕ್ಕೆ ತಾನಾಗಿಯೇ ಏರಿದರೆ ಅದು ಜೋಡಣೆಯೊಳಗಿನ ನೀರು ಎಂದೇ ತಿಳಿಯಬಹುದು. ಪ್ರತಿ ಮಳೆಗಾಲಕ್ಕೂ ಅದು ಒಂದು ಮೆಟ್ಟಿಲು ಹೆಚ್ಚು ಕೆಡುತ್ತದೆ, ಏಕೆಂದರೆ ನೀರು ಆರಿದರೂ ಹಸಿರು ಕಿಲುಬು ಅಲ್ಲೇ ಉಳಿಯುತ್ತದೆ.

ತಾರಸಿಯ ಮೇಲಿನ ಲ್ಯಾನ್ ವೈರು

ಬೆಂಗಳೂರಿನಂಥ ಊರುಗಳ ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಪದ್ಧತಿ ಇದೆ. ಒಂದು ಕಟ್ಟಡದವರೆಗೆ ಫೈಬರ್ ತಂದು, ತಾರಸಿಯಲ್ಲಿ ಒಂದು ಸ್ವಿಚ್ಚಿಟ್ಟು, ಅಲ್ಲಿಂದ ನೂರು ಮೀಟರಿನೊಳಗಿನ ಮನೆಗಳಿಗೆಲ್ಲ ಲ್ಯಾನ್ ವೈರು ಎಳೆಯುತ್ತಾರೆ. ಒಳಾಂಗಣಕ್ಕೆಂದು ಮಾಡಿದ ವೈರನ್ನೇ ಹೊರಗೆ ಎಳೆದಿದ್ದರೆ ಬಿಸಿಲಿಗೆ ಅದರ ಪಿವಿಸಿ ಕವಚ ಸೀಳುತ್ತದೆ. ಸೀಳಿನಿಂದ ಹೊಕ್ಕ ನೀರು ಎಳೆಗಳ ಸಂದಿನಲ್ಲಿ, ಬತ್ತಿಗೆ ಎಣ್ಣೆ ಏರಿದಂತೆ, ದೂರ ದೂರ ಸಾಗುತ್ತದೆ.

ಇದರ ಗುರುತು ಬಲು ಸೊಗಸು. ಲ್ಯಾನ್ ವೈರಿನಲ್ಲಿ ನಾಲ್ಕು ಜೋಡಿಗಳಿವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು, 100 ಎಂಬಿಪಿಎಸ್‌ಗೆ ಎರಡು ಸಾಕು. ಕಿಲುಬಿನಿಂದ ಒಂದು ಜೋಡಿ ಕೈಕೊಟ್ಟಾಗ ಎರಡು ಕಡೆಯ ಯಂತ್ರಗಳೂ ಸದ್ದಿಲ್ಲದೆ 100ಕ್ಕೆ ಒಪ್ಪಿಕೊಳ್ಳುವುದು ಸಾಮಾನ್ಯ. 200ರ ಪ್ಲಾನಿನವರು ವೇಗ ಅಳೆದಾಗ ಪ್ರತಿ ಸಲವೂ 94ರ ಆಸುಪಾಸಿನಲ್ಲೇ ತೋರಿಸಿದರೆ ಅದು ಕಂಪನಿ ಕದ್ದ ವೇಗವಲ್ಲ, ಎಲ್ಲೋ ಒಂದು ಜೋಡಿ ಸತ್ತಿದೆ ಎಂದರ್ಥ.

ಜೋಡಿ ಪೂರ್ತಿ ಸಾಯದೆ ಆಗಾಗ ತಡವರಿಸಿದರೆ ಕಾಟ ಇನ್ನೂ ಹೆಚ್ಚು. ಕೆಲವು ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋಗುತ್ತವೆ. ನೂರಕ್ಕೆ ಒಂದು ಕಳೆದರೆ ವೇಗವೂ ನೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ನಮಗೆ ತೋರುತ್ತದೆ. ಹಾಗಲ್ಲ. ಪ್ಯಾಕೆಟ್ ಕಳೆದಾಗ ಕಳಿಸುವ ಯಂತ್ರ ‘ದಾರಿ ಕಿಕ್ಕಿರಿದಿದೆ’ ಎಂದು ಭಾವಿಸಿ ತನ್ನ ಓಟವನ್ನು ತಾನೇ ತಗ್ಗಿಸುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದ ಪ್ರಕಾರ, ಹೋಗಿಬರಲು 40 ಮಿಲಿಸೆಕೆಂಡು ಹಿಡಿಯುವ ದಾರಿಯಲ್ಲಿ ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದರೆ ಒಂದು ಡೌನ್‌ಲೋಡಿಗೆ ಸುಮಾರು 35 ಎಂಬಿಪಿಎಸ್ ಸಿಗುತ್ತದೆ. ನೂರಕ್ಕೆ ಒಂದು ಕಳೆದರೆ ಸಿಗುವುದು ಬರೀ ಮೂರೂವರೆ. ಈಚಿನ ವಿಧಾನಗಳು ನಷ್ಟವನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಆದರೂ ಒದ್ದೆ ತಂತಿಯ ಅಲ್ಪ ದೋಷ ಅಷ್ಟು ದೊಡ್ಡ ನಿಧಾನವಾಗಿ ಏಕೆ ಕಾಣುತ್ತದೆ ಎಂಬುದಕ್ಕೆ ಉತ್ತರ ಇದೇ.

ಗಾಜಿನ ಎಳೆಗೆ ನೀರೇನು ಮಾಡೀತು?

ಫೈಬರ್ ಬಂದಮೇಲೆ ಮಳೆಯ ಗೊಡವೆ ಮುಗಿಯಿತು ಎಂದು ಹೇಳಲಾಗುತ್ತಿತ್ತು. ಅರ್ಧ ಸತ್ಯ. ಗಾಜಿನಲ್ಲಿ ಹರಿಯುವುದು ಬೆಳಕು, ಅದಕ್ಕೆ ಶಾರ್ಟ್ ಸರ್ಕಿಟ್ ಇಲ್ಲ. ಕವಚ ಗಟ್ಟಿಯಿದ್ದರೆ ಕೇಬಲ್ಲನ್ನು ಕೆರೆಯಲ್ಲಿ ಮುಳುಗಿಸಿದರೂ ವೇಗ ಕುಂದುವುದಿಲ್ಲ. ಕೆಡುವುದೆಲ್ಲ ಮೂರು ಕಡೆ: ಎಳೆಗಳು ಕೂಡುವ ತುದಿಯಲ್ಲಿ, ಎಳೆ ಬಾಗುವ ಮೂಲೆಯಲ್ಲಿ, ಮತ್ತು ಗಾಜಿನ ಮೈಮೇಲಿನ ಕಣ್ಣಿಗೆ ಕಾಣದ ಬಿರುಕಿನಲ್ಲಿ.

ತುದಿಯ ಮಾತು ಮೊದಲು. ಬೆಳಕು ಹರಿಯುವ ನಡುದಾರಿಯ ಅಗಲ ಸುಮಾರು 9 ಮೈಕ್ರಾನ್, ಅಂದರೆ ಕೂದಲೆಳೆಯ ಎಂಟು ಹತ್ತರಲ್ಲೊಂದು ಪಾಲು. ಕಂಬದ ಪೆಟ್ಟಿಗೆಯಲ್ಲಿ ಎರಡು ತುದಿಗಳು ಮುಖಾಮುಖಿ ಕೂಡುವಲ್ಲಿಗೆ ಮಳೆನೀರು ಬಂದರೆ ಆ ನೀರಿಗಿಂತ ಅದು ಹೊತ್ತುತಂದ ಧೂಳು, ಕೆಸರು, ಇರುವೆ ಗೂಡಿನ ಮಣ್ಣು ಹೆಚ್ಚು ಹಾನಿ ಮಾಡುತ್ತದೆ. ನೀರು ಆರುತ್ತದೆ, ಕಲೆ ಉಳಿಯುತ್ತದೆ. ಆದ್ದರಿಂದಲೇ ತಾಮ್ರದಂತೆ ಇದು ಬಿಸಿಲಿಗೆ ಪೂರ್ತಿ ಗುಣವಾಗುವುದಿಲ್ಲ.

ಎರಡನೆಯದು ಬಾಗು. ಹಳೆಯ ಮಾದರಿಯ ಎಳೆಯನ್ನು 30 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯಕ್ಕೆ ಬಾಗಿಸಬಾರದು. ಡ್ರಾಪ್ ವೈರಿಗೆಂದೇ ಬಂದ ಹೊಸ ಮಾದರಿ 10 ಅಥವಾ 7.5 ಮಿಲಿಮೀಟರ್‌ವರೆಗೆ ತಾಳುತ್ತದೆ. ಅದಕ್ಕಿಂತ ಬಿಗಿಯಾಗಿ ಬಾಗಿದರೆ ಬೆಳಕು ತಿರುವಿನಲ್ಲಿ ಹೊರಕ್ಕೆ ಸೋರಿಹೋಗುತ್ತದೆ. ಗಾಳಿಗೆ ತಂತಿ ಎಳೆದಾಡುವಾಗ ಬಾಗು ಬಿಗಿಯಾಗುತ್ತ ಸಡಿಲವಾಗುತ್ತ ಇರುವುದರಿಂದ ಸಂಪರ್ಕ ಬೀಸುಗಾಳಿಯ ತಾಳಕ್ಕೇ ಬಂದು ಹೋಗುತ್ತದೆ.

ಮೂರನೆಯದು ತಾಳ್ಮೆಯ ಶತ್ರು. ಗಾಜಿನ ಮೈಮೇಲೆ ಹುಟ್ಟಿನಿಂದಲೇ ಅತಿಸೂಕ್ಷ್ಮ ಬಿರುಕುಗಳಿರುತ್ತವೆ. ಎಳೆ ಬಿಗುವಿನಲ್ಲಿದ್ದು, ಆ ಬಿರುಕಿಗೆ ತೇವವೂ ಸೇರಿದರೆ ಗಾಜಿನ ಅಣುಬಂಧಗಳು ಒಂದೊಂದಾಗಿ ಬಿಡುತ್ತ ಬಿರುಕು ನಿಧಾನವಾಗಿ ಬೆಳೆಯುತ್ತದೆ. ವಾರಗಳು, ತಿಂಗಳುಗಳು ಕಳೆದು ಒಂದು ದಿನ ಟಪ್ಪೆಂದು ತುಂಡಾಗುತ್ತದೆ. ದೀಪಾವಳಿಯ ಬಿಸಿಲಿನಲ್ಲಿ ಕಡಿದುಹೋದ ಸಂಪರ್ಕದ ಹಿಂದೆ ಆಷಾಢದ ಮಳೆ ಹೀಗೆ ಇದ್ದಿರಬಹುದು.

ಬೆಳಕಿನ ಜಮಾಖರ್ಚು

ಫೈಬರಿನ ದೋಷ ಅಳೆಯಲು ಒಂದು ಸಂಖ್ಯೆ ಗೊತ್ತಿದ್ದರೆ ಸಾಕು. ಮನೆಯ ಫೈಬರ್ ಮೋಡೆಮ್‌ನ ಪುಟ ತೆರೆದರೆ, ಹಲವು ಮಾದರಿಗಳಲ್ಲಿ ಅದರ ವಿಳಾಸ `192.168.1.1`, `Rx Power` ಎಂಬ ಸಾಲು ಕಾಣುತ್ತದೆ. ಅದು ಮನೆಗೆ ಮುಟ್ಟಿದ ಬೆಳಕಿನ ಪ್ರಮಾಣ, ಡಿಬಿಎಂ ಎಂಬ ಮಾನದಲ್ಲಿ. ಸೊನ್ನೆ ಎಂದರೆ ಒಂದು ಮಿಲಿವಾಟ್. ಮೈನಸ್ 20 ಎಂದರೆ ಅದರ ನೂರರಲ್ಲೊಂದು ಪಾಲು. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತದೆ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯ ಸಾಮಾನ್ಯ ವರ್ಗದಲ್ಲಿ ಮನೆಯ ಮೋಡೆಮ್ ಮೈನಸ್ 27ರವರೆಗೆ ಓದಬಲ್ಲದು.

ಕೊಪ್ಪದ ಕಡೆ ತೋಟದ ನಡುವಿರುವ ನಮ್ಮ ಅಕ್ಕನ ಮನೆಯ ಲೆಕ್ಕವನ್ನೇ ನೋಡಬಹುದು. ಪೇಟೆಯ ಯಂತ್ರ ಹೊರಡಿಸುವುದು ಪ್ಲಸ್ 3. ಆರು ಕಿಲೋಮೀಟರ್ ಕೇಬಲ್ ತಿನ್ನುವುದು ಸುಮಾರು ಒಂದೂವರೆ ಡಿಬಿ. ದಾರಿಯಲ್ಲಿ ಎರಡು ಕಡೆ ಬೆಳಕನ್ನು ಎಂಟೆಂಟು ಪಾಲು ಮಾಡುವ ಸ್ಪ್ಲಿಟರ್‌ಗಳಿವೆ, ಒಂದೊಂದಕ್ಕೆ ಹತ್ತೂವರೆಯಂತೆ 21. ಜೋಡಣೆಗಳು, ಕನೆಕ್ಟರ್‌ಗಳು ಎಲ್ಲ ಸೇರಿ ಎರಡು ಚಿಲ್ಲರೆ. ಒಟ್ಟು ಖರ್ಚು ಸುಮಾರು 24.7, ಉಳಿಯುವುದು ಮೈನಸ್ 21.7. ಏಪ್ರಿಲ್‌ನಲ್ಲಿ ಸಂಪರ್ಕ ಕೊಟ್ಟ ಹುಡುಗ ಮೋಡೆಮ್ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಸಂಖ್ಯೆ ಮೈನಸ್ 21.8. ಲೆಕ್ಕಕ್ಕೂ ಅಳತೆಗೂ ತಾಳೆಯಾಗಿತ್ತು. ಕೈಯಲ್ಲಿ ಉಳಿದ ಗಂಟು ಐದು ಡಿಬಿ ಚಿಲ್ಲರೆ.

ಜೂನ್ ಮಧ್ಯದಲ್ಲಿ ಎಡೆಬಿಡದ ಮಳೆಯಾದ ಮೇಲೆ ಸಂಖ್ಯೆ ಮೈನಸ್ 24.5ಕ್ಕೆ ಇಳಿದು ಅಲ್ಲೇ ನಿಂತಿತು. ಆದರೆ ಮನೆಯವರಿಗೆ ಏನೂ ತಿಳಿಯಲಿಲ್ಲ, ವೇಗ ಮೊದಲಿನಷ್ಟೇ ಇತ್ತು. ಫೈಬರಿಗೂ ತಾಮ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ತಾಮ್ರ ಮೆಟ್ಟಿಲಿಳಿದಂತೆ ನಿಧಾನವಾಗುತ್ತದೆ. ಫೈಬರ್ ಬೆಟ್ಟದ ಅಂಚಿನವರೆಗೂ ಸಮತಟ್ಟಾಗಿ ನಡೆದು, ಕೊನೆಯ ಒಂದೆರಡು ಡಿಬಿಯಲ್ಲಿ ಕಮರಿಗೆ ಬೀಳುತ್ತದೆ. ಪುನರ್ವಸು ಮಳೆಯ ಗಾಳಿ ಶುರುವಾದ ರಾತ್ರಿ ಸಂಖ್ಯೆ ಮೈನಸ್ 27.5ಕ್ಕೆ ಹೋಯಿತು. `LOS` ದೀಪ ಕೆಂಪಗೆ ಮಿನುಗಿ ಆರಿತು, ಮತ್ತೆ ಮಿನುಗಿತು. ಒಮ್ಮೆ ಕಡಿದರೆ ಮೋಡೆಮ್ ಮತ್ತೆ ನೋಂದಾಯಿಸಿಕೊಂಡು ಲಾಗಿನ್ ಆಗುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ. ಐದು ನಿಮಿಷಕ್ಕೊಂದು ಜೋರು ಗಾಳಿ ಬಂದರೆ ಮನೆಯವರ ಪಾಲಿಗೆ ಅದು ‘ಸ್ಲೋ ನೆಟ್’. ಅಳಿಯ ಆ ರಾತ್ರಿ ಕಚೇರಿಯ ಮೀಟಿಂಗಿನಿಂದ ಏಳೆಂಟು ಸಲ ಮಾಯವಾಗಿದ್ದ.

ಲೈನಿನ ಹುಡುಗ ಬಂದದ್ದು ಮೂರು ದಿನ ಬಿಟ್ಟು, ಹೊಳವಾದ ಬೆಳಿಗ್ಗೆ. ಮೀಟರಿಟ್ಟು ನೋಡಿ ‘24.5 ಇದೆ, ಸರಿಯಾಗಿದೆಯಲ್ಲ ಅಕ್ಕ’ ಎಂದ. ನಿಯಮದ ಪ್ರಕಾರ ಅವನ ಮಾತು ತಪ್ಪಲ್ಲ. ಅಕ್ಕ ಗೋಡೆಯ ಮೇಲೆ ಅವನೇ ಬರೆದ ಸಂಖ್ಯೆಯನ್ನು ತೋರಿಸಿ, ‘ಹಾಗಾದ್ರೆ ಇದೆಂತ ಮಾರಾಯ?’ ಎಂದಳು. ಆಮೇಲೆ ಅವನು ಮನಸ್ಸಿಟ್ಟು ಹುಡುಕಿದ.

ಹುಡುಕಿದ ಕ್ರಮ ಸರಳವಾಗಿತ್ತು. ಕಂಬದ ಪೆಟ್ಟಿಗೆಯಲ್ಲಿ ಸ್ಪ್ಲಿಟರ್‌ನಿಂದ ಹೊರಬರುವ ಬೆಳಕನ್ನು ಅಳೆದ: ಮೈನಸ್ 21.2. ಮನೆಯಲ್ಲಿ ಮೈನಸ್ 24.5. ನಡುವಿನ ತೊಂಬತ್ತು ಮೀಟರ್ ತಂತಿ ಮತ್ತು ಎರಡು ಕನೆಕ್ಟರ್‌ಗಳು ಒಂದು ಡಿಬಿಯೂ ತಿನ್ನಬಾರದು, ಮೂರಕ್ಕೂ ಹೆಚ್ಚು ತಿನ್ನುತ್ತಿದ್ದವು. ದೋಷ ಪೇಟೆಯ ಕಡೆ ಅಲ್ಲ, ಡ್ರಾಪ್ ವೈರಿನಲ್ಲೇ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಪೆಟ್ಟಿಗೆಯೊಳಗೆ ಒತ್ತಿ ಕೂರಿಸಿದ ಫಾಸ್ಟ್ ಕನೆಕ್ಟರ್‌ನ ತುದಿಗೆ ಕೆಂಪು ಮಣ್ಣಿನ ಪೊರೆ ಕಟ್ಟಿತ್ತು. ಅದನ್ನು ಕತ್ತರಿಸಿ ತೆಗೆದು ಯಂತ್ರದಲ್ಲಿ ಬೆಸುಗೆ ಹಾಕಿ ತೋಳು ತೊಡಿಸಿದ ಮೇಲೆ ಮನೆಯ ಸಂಖ್ಯೆ ಮೈನಸ್ 21.9. ಮಳೆಗೆ ಇಳಿದು ಅಲ್ಲೇ ನಿಂತಿದ್ದ ಭಾಗ ಇದು.

ಗಾಳಿಯ ಭಾಗ ಇನ್ನೂ ಉಳಿದಿತ್ತು. ತೋಟದ ದಾರಿ ಹಿಡಿದು ತಂತಿಯ ಕೆಳಗೇ ನಡೆದಾಗ ಅದು ಸಿಕ್ಕಿತು. ಹಾಳೆ ಸಮೇತ ಬಿದ್ದ ಸೋಗೆಯೊಂದು ತಂತಿಯನ್ನು ಜಗ್ಗಿ, ಮಾಡಿನ ಬಳಿಯ ಹಿಡಿಕೆಯಿಂದ ಜಾರಿಸಿತ್ತು. ತಂತಿ ತಗಡಿನ ಅಂಚಿಗೆ ಒತ್ತಿ ಮಡಚಿಕೊಂಡಿತ್ತು. ಕೈಯಿಂದ ಜಗ್ಗಿದರೆ ಸಂಖ್ಯೆ ಮೂರು ಡಿಬಿ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. ಅಂದರೆ ಮಣ್ಣಿನ ಪೊರೆ ಒಂದೇ ಇದ್ದಿದ್ದರೂ, ಮಡಚು ಒಂದೇ ಇದ್ದಿದ್ದರೂ ಮನೆಯವರಿಗೆ ಗೊತ್ತೇ ಆಗುತ್ತಿರಲಿಲ್ಲ. ಎರಡೂ ಸೇರಿ ಗಂಟು ಬರಿದಾಗಿತ್ತು. ಮಡಚಿದ ತಂತಿಯನ್ನು ನೇರ ಮಾಡಿದರೆ ಆ ಹೊತ್ತಿಗೆ ಸರಿಹೋಗುತ್ತಿತ್ತು, ಆದರೆ ಗಾಜಿನ ಬಿರುಕು ಉಳಿಯುತ್ತಿತ್ತು. ಹುಡುಗ ಹೊಸ ತಂತಿಯನ್ನೇ ಎಳೆದ.

ಪೆಟ್ಟಿಗೆಗೆ ನೀರು ಹೇಗೆ ಹೊಕ್ಕಿತು?

ಆ ಪೆಟ್ಟಿಗೆಯ ಮೇಲೆ ಐಪಿ 65 ಎಂದು ಅಚ್ಚಾಗಿತ್ತು, ಅಂದರೆ ಪಿಚಕಾರಿ ನೀರಿಗೂ ಜಗ್ಗದ್ದು. ಆ ಮಾತು ನಿಜವಾಗುವುದು ಎಲ್ಲ ತೂತುಗಳಿಗೂ ಅವುಗಳ ರಬ್ಬರ್ ಇದ್ದಾಗ ಮಾತ್ರ. ಹೊಸ ಗ್ರಾಹಕರು ಬಂದಂತೆ ಯಾರೋ ಪೆಟ್ಟಿಗೆಯ ನೆತ್ತಿಯಲ್ಲೇ ತೂತು ಕೊರೆದು ತಂತಿ ಇಳಿಸಿದ್ದರು. ಮಳೆನೀರು ತಂತಿಯ ಮೈ ಹಿಡಿದು ಹರಿದು ಬರುತ್ತದೆ. ತಂತಿ ಮೇಲಿಂದ ಒಳಹೊಕ್ಕರೆ ನೀರೂ ಅದರ ಬೆನ್ನಿಗೇ ಒಳಬರುತ್ತದೆ. ತಂತಿಯನ್ನು ಪೆಟ್ಟಿಗೆಗಿಂತ ಒಂದು ಗೇಣು ಕೆಳಕ್ಕೆ ಜೋಲುಬಿಟ್ಟು, ಮತ್ತೆ ಮೇಲಕ್ಕೆ ತಂದು ತಳದ ತೂತಿನಿಂದ ಒಳಸೇರಿಸಿದರೆ ನೀರು ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಖರ್ಚಿಲ್ಲದ ಈ ಜೋಲು ಎಷ್ಟು ದೋಷಗಳನ್ನು ತಡೆಯುತ್ತದೆಂಬುದು ಮಳೆಯಲ್ಲಿ ಕಂಬದ ಕೆಳಗೆ ನಿಂತು ನೋಡಿದವರಿಗೆ ಗೊತ್ತು.

ಹಾಗಾದರೆ ಪೆಟ್ಟಿಗೆಯನ್ನು ಅಂಟು ಬಳಿದು ಪೂರ್ತಿ ಮುಚ್ಚಿಬಿಟ್ಟರಾಯಿತಲ್ಲ? ಅದೂ ಅಷ್ಟು ಸಲೀಸಲ್ಲ. ಬಿಸಿಲಿಗೆ ಕಾದ ಪೆಟ್ಟಿಗೆಯ ಮೇಲೆ ತಣ್ಣನೆಯ ಮಳೆ ಸುರಿದಾಗ ಒಳಗಿನ ಗಾಳಿ ಕುಗ್ಗಿ, ಸಣ್ಣ ಸಂದು ಸಿಕ್ಕರೂ ಹೊರಗಿನ ನೀರನ್ನು ಹೀರಿಕೊಳ್ಳುತ್ತದೆ. ಹೊಕ್ಕ ನೀರು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಒಂದೋ ಮುಳುಗಿದರೂ ಸೋರದ ಐಪಿ 68ರ ಡಬ್ಬಿ ಬೇಕು, ಇಲ್ಲವೇ ನೆತ್ತಿ ಭದ್ರವಾಗಿದ್ದು ತಳದಲ್ಲಿ ನೀರಿಳಿಯುವ ಕಂಡಿಯಿರುವ ಪೆಟ್ಟಿಗೆ ಬೇಕು. ತಾಮ್ರದ ಜೋಡಣೆಯಿರುವಲ್ಲಿ ಸಿಲಿಕಾನ್ ಅಂಟು ಬಳಿಯುವಾಗ ಇನ್ನೊಂದು ಎಚ್ಚರ ಬೇಕು: ವಿನಿಗರ್ ವಾಸನೆ ಬರುವ ಅಗ್ಗದ ಬಗೆ ಆರುವಾಗ ಆಮ್ಲ ಬಿಟ್ಟು ತಾಮ್ರವನ್ನೇ ತಿನ್ನುತ್ತದೆ.

ಹೊತ್ತನ್ನು ಓದುವುದು

ಇಷ್ಟನ್ನೂ ಕೂಡಿಸಿದರೆ ಒಂದು ಸಣ್ಣ ಪಂಚಾಂಗವಾಗುತ್ತದೆ. ಗಾಳಿ ಬೀಸಿದ ಕ್ಷಣಕ್ಕೆ ಹೋಗಿ, ನಿಂತ ಕ್ಷಣಕ್ಕೆ ಬಂದರೆ ತಂತಿಯ ಬಾಗನ್ನು ಹುಡುಕಬೇಕು. ಮಳೆ ಶುರುವಾಗಿ ತಡವಾಗಿ ಹೋಗಿ, ಬಿಸಿಲು ಬಿದ್ದು ತಡವಾಗಿ ಬಂದರೆ ಪೆಟ್ಟಿಗೆಯ ನೀರು. ಅದೇ ಪೆಟ್ಟಿಗೆಯ ನಾಲ್ಕಾರು ಮನೆಗಳಲ್ಲೂ ಹಾಗೇ ಆಗಿದ್ದರೆ ದೋಷ ಸ್ಪ್ಲಿಟರ್‌ನಲ್ಲೋ ಅದರ ಹಿಂದೆಯೋ ಇದೆ. ಕರೆಂಟ್ ಹೋಗಿ ಕೆಲವು ಗಂಟೆಗಳಿಗೆ ಇಡೀ ಊರಿನದೇ ನಿಂತರೆ ಅದು ಮಳೆಯ ದೋಷವೇ ಅಲ್ಲ, ದಾರಿಯ ಯಂತ್ರದ ಬ್ಯಾಟರಿ ಮುಗಿದಿದೆ. ಮಳೆಯಲ್ಲೂ ಬೆಳಕಿನ ಸಂಖ್ಯೆ ಬದಲಾಗದೆ, ಮೋಡೆಮಿಗೆ ವೈರು ಸಿಕ್ಕಿಸಿ ಅಳೆದಾಗ ವೇಗ ಪೂರ್ತಿಯಿದ್ದರೆ ಹೊರಗಿನವರನ್ನು ದೂರಿ ಫಲವಿಲ್ಲ, ತೊಂದರೆ ಮನೆಯೊಳಗಿನ ವೈಫೈಯದು.

ದೋಷ ಕಾಣುವುದು ಮಳೆಯಲ್ಲಿ, ರಿಪೇರಿಯವರು ಬರುವುದು ಹೊಳವಾದಾಗ. ಬಿರುಮಳೆಯಲ್ಲಿ ಕರೆಂಟ್ ಕಂಬ ಹತ್ತಬಾರದು, ಹತ್ತೆನ್ನುವುದೂ ತಪ್ಪು. ಹೀಗಾಗಿ ಅವರು ಅಳೆಯುವಾಗ ಎಲ್ಲವೂ ನೆಟ್ಟಗೇ ಇರುತ್ತದೆ, ದೂರು ಮುಚ್ಚಿಹೋಗುತ್ತದೆ, ಮುಂದಿನ ಮಳೆಗೆ ಮತ್ತೆ ತೆರೆಯುತ್ತದೆ. ಮಳೆಯ ರಾತ್ರಿಯ ಸಾಕ್ಷಿಯನ್ನು ಬಿಸಿಲಿನ ಬೆಳಗಿಗೆ ಒಯ್ಯುವವರು ಮನೆಯವರೇ ಆಗಬೇಕು. ಅಕ್ಕನ ಮನೆಯ ಗೋಡೆಯ ಮೇಲೆ ಈಗ ಪೆನ್ಸಿಲಿನ ಸಾಲು ಬೆಳೆದಿದೆ: ಮಳೆಯ ಹೆಸರು, ಹೊತ್ತು, ಸಂಖ್ಯೆ. ಆಶ್ಲೇಷಾದ ಎದುರಿಗೆ ಮೈನಸ್ 21.7 ಎಂದಿದೆ. ಅದರ ಕೆಳಗೆ ಲೈನಿನ ಹುಡುಗನೇ ಬಂದು ಒಂದು ಗೆರೆ ಎಳೆದುಹೋಗಿದ್ದಾನೆ.